ಬಲಪಕ್ಕೆ ಹಿಡಿದ ಮಧ್ಯಾಹ್ನ

ಫುಟ್‌ಬಾಲ್ ರೆಫರಿಗಳಿಗೆ ವರ್ಷಕ್ಕೊಮ್ಮೆ ಓಟದ ಪರೀಕ್ಷೆ ಇರುತ್ತದೆ. ಆ ವರ್ಷ ಮೊದಲ ಸಲ ನಾನು ಅದರಲ್ಲಿ ಫೇಲಾದದ್ದು ಕಾಲು ಸೋತು ಅಲ್ಲ, ಬಲಪಕ್ಕೆ ಹಿಡಿದು. ಪಕ್ಕೆಲುಬಿನ ಕೆಳಗೆ ಚೂರಿ ತಿವಿದಂಥ ಚಳುಕು, ಹೆಗಲ ತುದಿಯಲ್ಲೂ ನೋವು. ಎದೆಯದ್ದೇ ತೊಂದರೆಯೇನೋ ಎಂದು ಹೆದರಿ ಮಾರನೆಯ ದಿನ ಇಸಿಜಿ ಮಾಡಿಸಿಕೊಂಡೆ. ಏನೂ ಇರಲಿಲ್ಲ. ನನಗಾಗ ಮೂವತ್ತಾರು. ಶ್ರೀರಾಂಪುರದಲ್ಲಿ ಮನೆ, ಸರ್ಕಾರಿ ಕಚೇರಿಯಲ್ಲಿ ಕೆಲಸ, ಭಾನುವಾರ ಲೀಗ್ ಪಂದ್ಯಗಳು. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ತಪ್ಪಿದರೆ ಆ ವರ್ಷ ಸೀಟಿ ಊದುವಂತಿರಲಿಲ್ಲ.

ನಮಗೆ ತರಬೇತಿ ಕೊಡುತ್ತಿದ್ದವರು ಮಲ್ಲೇಶ್ವರದ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಅವರು ಮೊದಲು ಕೇಳಿದ್ದೇ ಅಂದು ಏನು ತಿಂದಿದ್ದೆ ಎಂದು. ಓಟಕ್ಕೆ ಗಂಟೆ ಮುಂಚೆ ಚಿತ್ರಾನ್ನ, ಅದರ ಮೇಲೆ ದ್ರಾಕ್ಷಿ ಜ್ಯೂಸ್ ಎಂದೆ.

"ಇದು ಯಾಕೆ ಬರುತ್ತೆ ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲಮ್ಮ," ಎಂದರು. "ಹೊಟ್ಟೆ ಒಳಗಡೆ ಒಂದು ತೆಳ್ಳಗಿನ ಪೊರೆ ಇರುತ್ತೆ. ಹೊಟ್ಟೆ ತುಂಬಿದ್ದಾಗ ಅದು ಉಜ್ಜಿಕೊಂಡು ನೋವಾಗುತ್ತೆ ಅಂತಾರೆ. ಆದ್ರೆ ತುಂಬ ಸಿಹಿ ಕುಡಿದು ಓಡಿದ್ರೆ ಜಾಸ್ತಿ ಆಗೋದನ್ನ ಮಾತ್ರ ನಾನೇ ನೋಡಿದೀನಿ."

ಹೊಟ್ಟೆ ತುಂಬ ಉಂಡರೆ ಎರಡು ಮೂರು ಗಂಟೆ ಓಡಬಾರದು, ನೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು, ಬೆನ್ನು ಗೂನು ಮಾಡಬಾರದು ಎಂದರು. ಉಸಿರನ್ನು ಮೂರು ಹೆಜ್ಜೆಗೆ ಒಳಗೆಳೆದು ಎರಡು ಹೆಜ್ಜೆಗೆ ಹೊರಬಿಡುವುದನ್ನೂ ಕಲಿಸಿದರು. ಹಾಗೆ ಮಾಡಿದರೆ ಉಸಿರು ಬಿಡುವ ಹೊತ್ತು ಪ್ರತಿಸಲ ಒಂದೇ ಕಾಲಿಗೆ ಬೀಳುವುದಿಲ್ಲ. ಎಲ್ಲರಿಗೂ ಆಗುತ್ತದೆಂದಲ್ಲ, ಕೆಲವರಿಗೆ ಅನುಕೂಲ. ಆರು ವಾರ ಬೆಳಗ್ಗೆ ಹಾಗೇ ಓಡಿದೆ. ಚಳುಕು ಎರಡೇ ಸಲ ಬಂತು.

ಎರಡನೆಯ ಪರೀಕ್ಷೆ ಮಧ್ಯಾಹ್ನ ಮೂರಕ್ಕೆ ನಿಗದಿಯಾಯಿತು. ಅದೇ ದಿನ ಚಾಮರಾಜಪೇಟೆಯಲ್ಲಿ ನನ್ನ ತಂಗಿಯ ಸೀಮಂತ. ಅವಳಿಗೆ ವಿಷಯ ಗೊತ್ತಿತ್ತು. ನಾನು ಹತ್ತಕ್ಕೇ ಎರಡು ಇಡ್ಲಿ ತಿಂದು ಹೋಗಿದ್ದೆ, ಎಲೆಗೆ ಕೂರಲಿಲ್ಲ. ಹೊರಡುವಾಗ ಬಾಗಿಲಲ್ಲಿ ತಂಗಿಯ ಅತ್ತೆ ದೊಡ್ಡ ಲೋಟದ ತುಂಬ ಬೆಲ್ಲದ ಪಾನಕ ಹಿಡಿದು ನಿಂತಿದ್ದರು. ಊಟವನ್ನೂ ಮಾಡಲಿಲ್ಲ, ಅಕ್ಕನಾದವಳು ಬಾಯಾರಿಕೊಂಡು ಹೋದರೆ ನಮಗೆ ಚೆನ್ನಾಗಿರುತ್ತದೆಯೇ ಎಂದು ಕೇಳಿದರು. ಸುತ್ತಲಿನವರು ನೋಡುತ್ತಿದ್ದರು. ಗಂಟೆ ಎರಡಾಗಿತ್ತು. ಕುಡಿದುಬಿಟ್ಟೆ. ಆಟೋದಲ್ಲಿ ಮಲ್ಲೇಶ್ವರದ ಮೈದಾನ ಸೇರುವವರೆಗೂ ಅದು ಹೊಟ್ಟೆಯಲ್ಲಿ ತುಳುಕುತ್ತಿತ್ತು.

ಒಂದು ಸೀಟಿಗೆ ಹೊರಟು ಮುಂದಿನ ಸೀಟಿಯೊಳಗೆ ಎಪ್ಪತ್ತೈದು ಮೀಟರ್ ಓಡಿ ಗೆರೆ ಮುಟ್ಟಬೇಕು, ಅದರ ಮುಂದಿನ ಸೀಟಿಯೊಳಗೆ ಇಪ್ಪತ್ತೈದು ಮೀಟರ್ ನಡೆಯಬೇಕು. ಹೀಗೆ ನಲವತ್ತು ಸಲ. ಗೆರೆ ಮುಟ್ಟುವುದು ಒಮ್ಮೆ ತಡವಾದರೆ ಎಚ್ಚರಿಕೆ, ಎರಡನೆಯ ಸಲ ತಡವಾದರೆ ಹೊರಗೆ.

ಹದಿನೆಂಟನೆಯ ಓಟದವರೆಗೂ ಏನೂ ಆಗಲಿಲ್ಲ. ಹತ್ತೊಂಬತ್ತರಲ್ಲಿ ಬಲಪಕ್ಕೆಯಲ್ಲಿ ಸಣ್ಣಗೆ ಎಳೆತ. ಹೆದರಿಕೆಗೆ ಉಸಿರು ಮೇಲುಮೇಲಕ್ಕೇ ಆಡತೊಡಗಿತು, ಎಣಿಕೆ ತಪ್ಪಿತು. ಇಪ್ಪತ್ತಮೂರರಲ್ಲಿ ಚಳುಕು ಪೂರ್ತಿ ಹಿಡಿದುಕೊಂಡಿತು. ಮೈ ಬಗ್ಗಿಹೋಯಿತು, ಗೆರೆಗೆ ಇನ್ನೂ ಎರಡು ಹೆಜ್ಜೆ ಇರುವಾಗಲೇ ಸೀಟಿ ಬಿತ್ತು.

ಪರೀಕ್ಷಕರು ಕೈಯೆತ್ತಿ, "ಒಂದು ಎಚ್ಚರಿಕೆ, ಮೇಡಂ," ಎಂದರು.

ಬೇಲಿಯಾಚೆ ನಿಂತಿದ್ದ ಮೇಷ್ಟ್ರು ಕೂಗಲಿಲ್ಲ, ಮಾತಾಡುವ ಧ್ವನಿಯಲ್ಲೇ, "ಒಳಗೆ ಎಳೀಬೇಡ. ಮೊದಲು ಪೂರ್ತಿ ಬಿಡು," ಎಂದರು.

ನಡೆಯುವ ಆ ಇಪ್ಪತ್ತೈದು ಮೀಟರಿನಲ್ಲಿ ನೋವಿದ್ದ ಕಡೆ ಬೆರಳೂರಿ ಒತ್ತಿ, ಸ್ವಲ್ಪ ಮುಂದೆ ಬಾಗಿ, ತುಟಿ ಸಣ್ಣ ಮಾಡಿ ಉಸಿರು ಮುಗಿಯುವವರೆಗೂ ಊದಿದೆ. ಸೀಟಿ. ಬೆನ್ನು ನೆಟ್ಟಗೆ ಮಾಡಿ ಓಡಿದೆ. ಮೂರು ಒಳಗೆ, ಎರಡು ಹೊರಗೆ. ಕಾಲು ಗೆರೆ ಮುಟ್ಟಿದ್ದೂ ಸೀಟಿ ಬಿದ್ದದ್ದೂ ಒಟ್ಟಿಗೇ. ಮತ್ತೆ ಒತ್ತಿ, ಬಾಗಿ, ಊದಿದೆ. ಮೂವತ್ತರ ಹೊತ್ತಿಗೆ ಚೂರಿಯಂತಿದ್ದ ನೋವು ಹಳೆಯ ಗುದ್ದಿನಂತೆ ಮಂಕಾಯಿತು. ಹೋಗಲಿಲ್ಲ, ಆದರೆ ಅದನ್ನಿಟ್ಟುಕೊಂಡೇ ಓಡಬಹುದಿತ್ತು. ಮೂವತ್ತೇಳರಲ್ಲಿ ನನ್ನ ಪಕ್ಕದಲ್ಲಿದ್ದ ಹುಡುಗಿ ಮೀನಖಂಡ ಹಿಡಿದುಕೊಂಡು ಕುಳಿತುಬಿಟ್ಟಳು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ನಲವತ್ತನೆಯ ಗೆರೆ ದಾಟಿ ಹುಲ್ಲಿನ ಮೇಲೆ ಮಲಗಿದೆ. ಐದು ನಿಮಿಷದಲ್ಲಿ ನೋವು ಬಂದ ದಾರಿಯಲ್ಲೇ ಹೋಯಿತು. ಹೆಸರಿನ ಮುಂದೆ ಪಾಸ್ ಎಂದು ಬರೆದದ್ದನ್ನು ಕಣ್ಣಾರೆ ನೋಡಿದ ಮೇಲೆ, ಮೇಷ್ಟ್ರಿಗೆ ಪಾನಕದ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಅದರಿಂದಾನೂ ಇರಬಹುದು, ಹೆದರಿಕೆಯಿಂದಾನೂ ಇರಬಹುದು," ಎಂದರು. "ಮುಂದಿನ ಸಲ ಎರಡನ್ನೂ ಮನೇಲಿ ಬಿಟ್ಟು ಬಾ."

ಮೀನಖಂಡ ಹಿಡಿದುಕೊಂಡಿದ್ದ ಹುಡುಗಿ ಇನ್ನೂ ಅಲ್ಲೇ ಕುಳಿತಿದ್ದಳು. ಹೋಗಿ ಅವಳ ಕಾಲು ಚಾಚಿಸಿ ಹಿಡಿದು ಕುಳಿತೆ.