ಗುಡ್ಡ ಹತ್ತಲು ಸಾಲದ ದೊಡ್ಡಳತೆ

ಮನುಷ್ಯನ ಪಾದವನ್ನು ದೇವರು ಎಷ್ಟು ಅಳತೆಯಿಟ್ಟು ಮಾಡಿದನೋ, ಅಷ್ಟೇ ಅಳತೆಗೆಟ್ಟು ಅದಕ್ಕೆ ಪಾದರಕ್ಷೆ ತೊಡಿಸಿದವರು ನಮ್ಮ ಪೇಟೆಬೀದಿಯ ಚಪ್ಪಲಿ ಅಂಗಡಿಯ ಯಜಮಾನರು. ‘ದೊಡ್ಡಳತೆ ತಾತ’ ಎಂಬುದು ಮಕ್ಕಳೇ ಇಟ್ಟ ಹೆಸರು. ಸಜ್ಜನರು, ಪ್ರಾರ್ಥನೆಗೆ ಒಂದು ದಿನವೂ ತಪ್ಪಿದವರಲ್ಲ. ಆದರೆ ಮಕ್ಕಳ ಕಾಲು ಬೆಳೆಯುತ್ತದೆ ಎಂಬುದರಲ್ಲಿ ಅವರಿಗಿದ್ದ ಅಚಲ ನಂಬಿಕೆಯ ಅರ್ಧದಷ್ಟಾದರೂ ನಮಗೆ ಭಗವಂತನಲ್ಲಿ ಇದ್ದಿದ್ದರೆ ನಾವೆಲ್ಲ ಎಂದೋ ಉದ್ಧಾರವಾಗುತ್ತಿದ್ದೆವು.

ರಜೆ ಬಂತೆಂದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಓಡುವ, ಮರ ಹತ್ತುವ ಮಕ್ಕಳಿಗೆ ಬೆರಳು ಮುಚ್ಚುವ, ಪಟ್ಟಿಯಿರುವ, ಹಿಮ್ಮಡಿ ಹಿಡಿಯುವ ಸ್ಯಾಂಡಲ್ ಬೇಕು. ಯಜಮಾನರು ಮಗುವನ್ನು ಬೆಂಚಿನ ಮೇಲೆ ಕೂರಿಸಿಯೇ ತೊಡಿಸಿ, ಮುಂದಿನ ಗಟ್ಟಿ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ, ಮಹಾಜ್ಞಾನಿಯಂತೆ ಕಣ್ಣು ಮುಚ್ಚುತ್ತಿದ್ದರು. ಆ ಗಟ್ಟಿ ರಬ್ಬರಿನೊಳಗೆ ಬೆರಳು ಎಲ್ಲಿದೆಯೆಂದು ಒತ್ತಿ ತಿಳಿಯುವುದು ಯಾರಿಂದಲೂ ಆಗದು. ಅದು ತಿಳಿಯದಿರುವುದೇ ವ್ಯಾಪಾರಕ್ಕೆ ಅನುಕೂಲವಾಗಿತ್ತು.

“ಸ್ವಲ್ಪ ದೊಡ್ಡದಾಗ್ಲಿಲ್ವಾ ಅಣ್ಣ?” ಎಂದು ಯಾವ ತಾಯಿಯಾದರೂ ಕೇಳಿದರೆ, “ಪಟ್ಟಿ ಇರೋದ್ಯಾಕಮ್ಮಾ? ಎಳೆದು ಅಂಟಿಸಿ. ಮುಂದಿನ ವರ್ಷಕ್ಕೂ ಬರುತ್ತೆ,” ಎನ್ನುತ್ತಿದ್ದರು. ತಾಯಿಗೂ ಬೇಕಿದ್ದುದು ಅದೇ ಮಾತು. ಇಬ್ಬರೂ ಸೇರಿ ಎಳೆಯ ಪಾದಕ್ಕೆ ಅನ್ಯಾಯ ಮಾಡಿ, ಸಂತೋಷದಿಂದ ಬೀಳ್ಕೊಳ್ಳುತ್ತಿದ್ದರು.

ಈ ರಜೆಗೆ ಯಜಮಾನರ ಮೊಮ್ಮಗಳು ಬಂದಳು. ಕಳೆದ ವರ್ಷ ತೆರೆದ ಚಪ್ಪಲಿಯಲ್ಲಿ ಓಡಿ, ಎಡವಿ, ಹೆಬ್ಬೆರಳಿನ ಉಗುರು ಕಿತ್ತುಕೊಂಡು, ರಜಾ ಶಿಬಿರದವರು ಗುಡ್ಡ ಹತ್ತಿದ ದಿನ ಮನೆಯಲ್ಲಿ ಕಾಲು ಚಾಚಿ ಕೂತಿದ್ದ ಮಗು. ಈ ಸಲ ಹತ್ತಲೇಬೇಕೆಂಬುದು ಅವಳ ಹಟ. ತಾತ ತಮ್ಮ ಅಂಗಡಿಯ ಅತ್ಯುತ್ತಮ ಜೋಡಿಯನ್ನೇ ಕೊಟ್ಟರು. ಕೊಟ್ಟದ್ದು ಎರಡು ನಂಬರು ದೊಡ್ಡದು. ಪ್ರೀತಿ ಹೆಚ್ಚಾದಲ್ಲಿ ಅಳತೆಯೂ ಹೆಚ್ಚಾಗಬೇಕಲ್ಲವೇ.

ಗುಡ್ಡಕ್ಕೆ ಹೋಗುವ ಹಿಂದಿನ ದಿನ ಶಿಬಿರದ ಮೇಡಂ ಮಕ್ಕಳನ್ನೆಲ್ಲ ಶಾಲೆಯ ಇಳಿಜಾರಿನಲ್ಲಿ ಓಡಿಸಿ, ಥಟ್ಟನೆ ನಿಲ್ಲಿಸಿ ನೋಡಿದರು. ಮೊಮ್ಮಗಳು ನಿಂತಳು, ಪಾದ ನಿಲ್ಲಲಿಲ್ಲ. ಅದು ಸ್ಯಾಂಡಲಿನೊಳಗೆ ಮುಂದಕ್ಕೆ ಜಾರಿ, ಬೆರಳುಗಳು ಮುಚ್ಚಳಕ್ಕೆ ಹೋಗಿ ಬಡಿದವು. ಹಿಂದೆ, ಹಿಮ್ಮಡಿಗೂ ಅದನ್ನು ಹಿಡಿಯಬೇಕಾದ ಗೋಡೆಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ಕಾಲಿನ ಮೇಲಿನ ಪಟ್ಟಿಯನ್ನು ಎಷ್ಟು ಎಳೆಯಲಾಗಿತ್ತೆಂದರೆ ಅದರ ತುದಿ ಅಂಟುವ ಜಾಗವನ್ನೇ ದಾಟಿ, ನಾಯಿಯ ನಾಲಿಗೆಯಂತೆ ಜೋತುಬಿದ್ದಿತ್ತು.

“ಇದ್ರಲ್ಲಿ ಗುಡ್ಡ ಇಳಿಯೋಕಾಗಲ್ಲ, ಕಳಿಸಲ್ಲ,” ಎಂದರು ಮೇಡಂ.

“ಪಟ್ಟಿ ಇದೆಯಲ್ಲ ಮೇಡಂ,” ಎಂದರು ಮೊಮ್ಮಗಳ ಜೊತೆ ಬಂದಿದ್ದ ಯಜಮಾನರು.

“ಪಟ್ಟಿ ಅಗಲಾನ ಬಿಗಿ ಮಾಡುತ್ತೆ ಯಜಮಾನ್ರೇ. ಉದ್ದಾನ ಕತ್ತರಿಸುತ್ತಾ?”

ಮಗು ತಾತನ ಕೈ ಹಿಡಿದೆಳೆಯಿತು. ಇನ್ನೊಬ್ಬರ ಮೊಮ್ಮಗಳಾಗಿದ್ದರೆ ತಾತ ಇನ್ನೂ ವಾದಿಸುತ್ತಿದ್ದರು. ಅವರು ಅಂಗಡಿಗೆ ಧಾವಿಸಿ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿದರು. ಅವಳ ಅಳತೆಯದು ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ಪ್ರತಿ ಮಗುವಿಗೂ ದೊಡ್ಡದನ್ನೇ ಮಾರುವವರು ಸಣ್ಣದನ್ನು ತರಿಸುವುದನ್ನೇ ಬಿಟ್ಟಿದ್ದರು.

ಉಳಿದದ್ದು ಎದುರಿನ ಚಪ್ಪಲಿ ಅಂಗಡಿ. ಆ ಹೊಸ್ತಿಲನ್ನು ಅವರು ಎಂದೂ ತುಳಿದವರಲ್ಲ; ಅಂದು ಮೊಮ್ಮಗಳ ಕೈ ಹಿಡಿದು ತುಳಿದರು. ಅಂಗಡಿಯಾಕೆ ಮಗುವನ್ನು ನಿಲ್ಲಿಸಿ, ಕಾಗದದ ಮೇಲೆ ಎರಡೂ ಪಾದಗಳ ಗೆರೆ ಎಳೆದು, ಕತ್ತರಿಸಿ, ಸ್ಯಾಂಡಲಿನೊಳಗೆ ತೂರಿಸಿ ನೋಡಿದಳು. ಉದ್ದದ ಬೆರಳಿನ ಮುಂದೆ ಒಂದು ಕಿರುಬೆರಳಿನಷ್ಟು ಜಾಗ ಉಳಿದ ಜೋಡಿಯನ್ನು ಆರಿಸಿ, ತೊಡಿಸಿ, ಓಡಿಸಿದಳು. ಹಿಮ್ಮಡಿ ಅಲುಗಲಿಲ್ಲ.

“ಇನ್ನೂ ಎರಡು ನಂಬರ್ ದೊಡ್ಡದು ಕೊಡ್ಲಾ ಮಾವ? ಬೆಳೆಯೋ ಹುಡುಗಿ,” ಎಂದಳು ಆಕೆ, ತೀರ ವಿನಯದಿಂದ.

“ಇರ್ಲಿ, ಇದನ್ನೇ ಕಟ್ಟು.”

“ತಾತ, ಇದು ಜಾರೋದೇ ಇಲ್ಲ,” ಎಂದು ಮಗು ಬೀದಿಗೆಲ್ಲ ಕೇಳುವಂತೆ ಕೂಗಿತು. ಸತ್ಯವನ್ನು ಭಗವಂತನು ಮಕ್ಕಳ ಬಾಯಲ್ಲಿ ಇಟ್ಟಿರುವುದು ದೊಡ್ಡವರ ಶುದ್ಧಿಗಾಗಿಯೇ ಇರಬೇಕು; ಯಜಮಾನರ ಕಿವಿಗಳು ಕೆಂಪೇರಿ ಶುದ್ಧವಾದವು.

ಮಾರನೆಯ ದಿನ ಅವಳು ಗುಡ್ಡ ಹತ್ತಿದಳು. ಸಂಜೆ ಮಕ್ಕಳು ಇಳಿದು ಬರುವಾಗ ತಾತ ಬುಡದಲ್ಲೇ ಕಾದಿದ್ದರು. ಧೂಳು ಮೆತ್ತಿದ ಮೊಮ್ಮಗಳನ್ನು ಕಲ್ಲಿನ ಮೇಲೆ ಕೂರಿಸಿ, ಮೊಣಕಾಲೂರಿ ಪಟ್ಟಿ ಬಿಚ್ಚಿದರು.

“ಎಲ್ಲಾದ್ರೂ ಉಜ್ಜಿತಾ ಮಗಳೇ?” ಎಂದು ಕೇಳಿದ ದನಿಯಲ್ಲಿ ಕಾಳಜಿಯ ಜೊತೆಗೆ ಒಂದಿಷ್ಟು ಆಸೆಯೂ ಇತ್ತು.

“ಇಲ್ಲ ತಾತ.”

ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬೊಬ್ಬೆಯಿಲ್ಲ, ಉಗುರು ನೀಲಿಗಟ್ಟಿಲ್ಲ. ಸ್ಯಾಂಡಲನ್ನು ಮಗುಚಿದರು; ಅಟ್ಟೆ ಬಿಟ್ಟಿಲ್ಲ. ಹಿಮ್ಮಡಿಯ ಗೋಡೆಯನ್ನು ಹಿಂಡಿ ನೋಡಿದರು, ಅದೂ ಮಣಿಯಲಿಲ್ಲ.

“ಹೂಂ,” ಎಂದರು ಕೊನೆಗೆ, “ಬಣ್ಣ ಮಾತ್ರ ಸುಮಾರು.”

ಹಾಗೆಂದವರೇ ಆ ಪುಟ್ಟ ಪಾದಗಳ ಧೂಳನ್ನು ತಮ್ಮ ಹೆಗಲ ವಸ್ತ್ರದಿಂದ ಒರೆಸಿದರು.