ಹಬ್ಬದ ತಿಂಗಳ ಕೆಂಪು ಚೌಕ

ನನ್ನ ತಿಂಗಳ ವರದಿಯನ್ನು ಯಾರೂ ಓದುವುದಿಲ್ಲವೆಂಬ ಅನುಮಾನ ಮೊದಲಿನಿಂದಲೂ ಇತ್ತು. ಒಂದು ತಿಂಗಳು ಬೇಕೆಂದೇ ಹದಿಮೂರನೆಯ ಪುಟವನ್ನು ಎರಡೆರಡು ಸಲ ಸೇರಿಸಿ ಕೊಯಮತ್ತೂರಿನ ಮುಖ್ಯ ಕಚೇರಿಗೆ ಕಳಿಸಿದೆ. ಒಬ್ಬರಾದರೂ ಕೇಳಬೇಕಲ್ಲ! ಯಾರೂ ತುಟಿ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ನಾನು ತಾಳವಾಡಿಯಲ್ಲಿ ಮಿಡಿಸೌತೆ ಕಂಪನಿಯೊಂದರ ಕಂಪ್ಯೂಟರ್ ಕೆಲಸದವಳು. ಬೆಟ್ಟದ ರೈತರಿಂದ ಉಪ್ಪಿನಕಾಯಿಗೆಂದು ಮಿಡಿಸೌತೆ ಕೊಂಡು ಹೊರದೇಶಕ್ಕೆ ಕಳಿಸುವ ಕಂಪನಿ. ಸುತ್ತಮುತ್ತ ನಾಲ್ಕು ಶೆಡ್ಡುಗಳಿದ್ದವು. ಗುಮಟಾಪುರದ ಶೆಡ್ಡಿನಲ್ಲಿ ಹನ್ನೆರಡು ಜನ ಹೆಂಗಸರು ಕಾಯಿ ಆರಿಸುತ್ತಿದ್ದರು. ಅವರ ಮೇಸ್ತ್ರಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಸಣ್ಣ ಕಾಯಿ ಯಾವುದು, ದಪ್ಪಗಾಗಿ ತಿರಸ್ಕಾರವಾಗುವುದು ಯಾವುದು ಎಂದು ನನಗೆ ಕಲಿಸಿದವಳು ಅವಳೇ. ಶೆಡ್ಡು ಬಂದ ಮೇಲೆ ಆ ಹೆಂಗಸರಿಗೆ ಬೆಳಗಾದರೆ ಯಜಮಾನರ ಬಾಗಿಲಲ್ಲಿ ಕೂಲಿಗೆ ಕಾಯುವುದು ತಪ್ಪಿತ್ತು.

ಸಿಟ್ಟು ತಡೆಯಲಾರದೆ ಬಸ್ ಹತ್ತಿ, ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೇ ಹೋದೆ. ಜನರಲ್ ಮ್ಯಾನೇಜರನ್ನು ನೇರವಾಗಿ ಕೇಳಿದೆ, "ಸಾರ್, ತಿಂಗಳಿಗೊಮ್ಮೆ ನೀವು ಕೂತು ತೀರ್ಮಾನ ಮಾಡುವುದಾದರೂ ಏನು?" ಅವರು ನಕ್ಕು ತಮಿಳಿನಲ್ಲಿ ಹೇಳಿದರು: ಯಾವ ಶೆಡ್ಡು ನಡೆಸುವುದು, ಲಾರಿ ಎಲ್ಲಿಗೆ ಕಳಿಸುವುದು, ಅಷ್ಟೇ.

ಹಾಗಾದರೆ ಅಷ್ಟೇ ಇರಲಿ ಎಂದು ಹತ್ತೊಂಬತ್ತು ಪುಟದ ವರದಿಯನ್ನು ಒಂದು ಹಾಳೆಗೆ ಇಳಿಸಿದೆ. ಒಂದು ಶೆಡ್ಡಿಗೆ ಒಂದು ಸಾಲು. ಬಂದ ತೂಕ, ತಿರಸ್ಕಾರವಾದದ್ದು ನೂರಕ್ಕೆ ಎಷ್ಟು, ಇರಬೇಕಾದದ್ದು ಎಷ್ಟು, ಹೋದ ತಿಂಗಳಿಗಿಂತ ಏರಿತೋ ಇಳಿಯಿತೋ. ಸಾಲಿನ ತುದಿಗೆ ತಾನೇ ಬಣ್ಣ ಬದಲಿಸುವ ಒಂದು ಚೌಕ: ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟರೆ ಕೆಂಪು. ಕೆಳಗೆ, ಏನು ತೀರ್ಮಾನ, ಯಾರು, ಯಾವಾಗ ಎಂದು ಬರೆಯಲು ಜಾಗ. ಇಮೇಲ್ ತೆರೆಯುವವರಲ್ಲ ಅವರು. ಬಣ್ಣದಲ್ಲಿ ಅಚ್ಚು ಹಾಕಿಸಿ ಮೇಜಿನ ಮೇಲೇ ಇಡುವಂತೆ ಮಾಡಿದೆ. ಅಕ್ಷರ ತೀರಾ ಸಣ್ಣಗಾಗುತ್ತದೆಂದು ಎರಡು ಕಾಲಂ ತೆಗೆದುಹಾಕಿದೆ. ಒಂದು, ಕಳೆದ ವರ್ಷ ಇದೇ ತಿಂಗಳ ಲೆಕ್ಕ. ಇನ್ನೊಂದು, ಕಾರಣ ಬರೆಯುವುದು.

ಮೊದಲ ತಿಂಗಳೇ ತಾಳಮಲೆ ಶೆಡ್ಡಿನ ಸಾಲು ಕೆಂಪಾಗಿತ್ತು. ಕಾಯಿ ತುಂಬುವ ಕ್ರೇಟ್ ಸಾಲದೆ, ಚೀಲಕ್ಕೆ ಹಾಕಿದ ಕಾಯಿಗಳು ಜಜ್ಜಿಹೋಗುತ್ತಿದ್ದವು. ಒಂದು ವರ್ಷದಿಂದ ಬಡಕೊಂಡರೂ ಬಾರದ ಕ್ರೇಟುಗಳು ಒಂದೇ ವಾರಕ್ಕೆ ಬಂದವು. ಅಬ್ಬಾ, ಆ ದಿನದ ನನ್ನ ಜಂಬ ನೋಡಬೇಕಿತ್ತು.

ಆಮೇಲೆ ದೀಪಾವಳಿ ಬಂತು. ಅದರ ಬೆನ್ನಿಗೇ ಗುಮಟಾಪುರದಲ್ಲಿ ಬೀರೇಶ್ವರನ ಗುಡಿಯ ಸಗಣಿ ಹಬ್ಬ. ಊರಿಗೆ ಊರೇ ಸಗಣಿ ಎರಚಾಡುವಾಗ ಬಳ್ಳಿಯ ಹತ್ತಿರ ಯಾರು ಹೋಗುತ್ತಾರೆ? ನಾಲ್ಕು ದಿನ ಕೊಯ್ಲಿಲ್ಲ. ಮಿಡಿಸೌತೆ ಒಂದು ದಿನ ಬಿಟ್ಟರೇ ದಪ್ಪಗಾಗುವ ಕಾಯಿ. ಹಬ್ಬ ಮುಗಿದ ವಾರವೆಲ್ಲ ಶೆಡ್ಡಿಗೆ ಬಂದದ್ದು ತಿರಸ್ಕಾರದ ಮಾಲೇ. ಪ್ರತಿ ವರ್ಷವೂ ಹೀಗೇ ಆಗುತ್ತದೆ, ಮುಂದಿನ ತಿಂಗಳು ಸರಿಹೋಗುತ್ತದೆ. ಇದು ನಮ್ಮೂರ ಕಡೆ ಯಾರಿಗೆ ಗೊತ್ತಿಲ್ಲ? ಗೊತ್ತಿರುವುದನ್ನು ಬರೆಯಬೇಕೆಂದು ನನ್ನ ಹಾಳು ತಲೆಗೆ ಹೊಳೆಯಲೇ ಇಲ್ಲ. ಗುಮಟಾಪುರದ ಚೌಕ ತಾನಾಗಿ ಕೆಂಪಾಯಿತು. ಹಾಗೆಯೇ ಕಳಿಸಿದೆ.

ಮೂರನೆಯ ದಿನ ಮ್ಯಾನೇಜರೇ ಫೋನ್ ಮಾಡಿದರು. ಖುಷಿಯಲ್ಲಿದ್ದರು. "ಐದು ನಿಮಿಷದಲ್ಲಿ ಮೀಟಿಂಗ್ ಮುಗಿಯಿತಮ್ಮ. ಗುಮಟಾಪುರ ಮುಚ್ಚುತ್ತಿದ್ದೇವೆ. ಆ ಲಾರಿ ಹಾಸನೂರಿಗೆ."

"ಸಾರ್, ಅದು ಹಬ್ಬ ಸಾರ್, ಹೋದ ವರ್ಷವೂ..." ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. "ಹಾಳೆಯಲ್ಲಿ ಅದು ಇರಲಿಲ್ಲವಲ್ಲ," ಎಂದರು. ರೈತರಿಗೆ ಪತ್ರ ಹೋಗಿಯಾಗಿತ್ತು. ಹಾಸನೂರಿನ ರೈತರೊಂದಿಗೆ ಒಪ್ಪಂದಕ್ಕೂ ಸಹಿಯಾಗಿತ್ತು.

ಶೆಡ್ಡಿಗೆ ಹೋಗಿ ನಾನೇ ಹೇಳಿದೆ. ಬೇರೆಯವರ ಬಾಯಲ್ಲಿ ಕೇಳಬಾರದಿತ್ತು ಅವರು. ಹೆಂಗಸರು ಕಾಯಿ ಕೆಳಗಿಟ್ಟು ನಿಂತರು. ಅಕ್ಕ ಮಾತ್ರ ಆ ಹಾಳೆ ತೋರಿಸೆಂದಳು. ಅವಳಿಗೆ ಓದು ಬಾರದು. ಬೆರಳಿಟ್ಟು ಕೇಳಿದಳು.

"ಈ ಕೆಂಪ್ಗಿರದು ನಾವಾ ಕೂಸು?"

"ಊಂ ಅಕ್ಕ."

"ಅಬ್ಬದಲ್ಲಿ ಕೊಯ್ಲು ಇರ್ನಿಲ್ಲ ಅಂತ ಬರಿನಿಲ್ವವ್ವ?"

"ಜಾಗ ಇರಲಿಲ್ಲ ಅಕ್ಕ," ಎಂದೆ. ಹೇಳುವಾಗಲೇ ನಾಚಿಕೆಯಿಂದ ಸತ್ತುಹೋದೆ. ಹಾಳೆಯ ಅಂಚಿನಲ್ಲಿ ಎರಡು ಬೆರಳಗಲ ಬಿಳಿಯ ಜಾಗ ಹಾಗೇ ಇತ್ತು. ಅಕ್ಕ ಅದರ ಮೇಲೆ ಸುಮ್ಮನೆ ಕೈಯಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಓಗ್ಲಿ ಬುಡು," ಎಂದು ಹಾಳೆ ವಾಪಸ್ಸು ಕೊಟ್ಟು, ಅರ್ಧ ಆರಿಸಿದ್ದ ರಾಶಿಯ ಮುಂದೆ ಮತ್ತೆ ಕೂತಳು.

ಮುಂದಿನ ತಿಂಗಳು ಆ ಸಾಲನ್ನು ನಾನೇ ಅಳಿಸಿದೆ. ಹಾಳೆಯೆಲ್ಲ ಹಸಿರಾಗಿ, ಒಂದು ಸಾಲಿನಷ್ಟು ಜಾಗ ಮಿಕ್ಕಿತು. ಮ್ಯಾನೇಜರು ಮೇಲೆ "ಬಹಳ ಚೆನ್ನಾಗಿದೆ" ಎಂದು ಬರೆದು ವಾಪಸ್ಸು ಕಳಿಸಿದರು.