ಎರಡು ಕಾಲಮ್ಮಿನ ಕೊಕ್

ಆಳಂದದ ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯ ಧಮ್ಮಪಾಲನ ಬಗ್ಗೆ ಯಾರನ್ನ ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಮನುಷ್ಯ ಭಾಳ ಖಡಕ್, ಇದ್ದದ್ದು ಇದ್ದಂಗ ಬರೀತಾನ. ಖಡಕ್ ಅನ್ನೋದೇನೋ ಹೌದು. ಉಳಿದದ್ದನ್ನ ನಾನು ಹೇಳುತ್ತೇನೆ, ಕೇಳ್ರಿ.

ಅವನ ಹತ್ತಿರ ಬರುವ ಕೆಲಸ ಬಹುಪಾಲು ಪೇಪರ್ ಕಟಿಂಗಿನದು. ಜನ ಮೊಬೈಲಿನಲ್ಲಿ ಹಳೇ ಸುದ್ದಿಯ ಫೋಟೊ ಹಿಡಿದುಕೊಂಡು ಬರುತ್ತಾರೆ. ಹತ್ತು ಗ್ರೂಪು ಸುತ್ತಿ ಬಂದ ಫೋಟೊ, ಅರ್ಧ ಮಸುಕು, ಅರ್ಧ ಹೆಬ್ಬೆರಳು. ಅರ್ಜಿಗೋ ಕೇಸಿಗೋ ಲಗತ್ತಿಸಲು ಅದನ್ನ ಕಚೇರಿಯ ಸಾಹೇಬರು ಓದುವಂತೆ ಟೈಪ್ ಮಾಡಬೇಕು, ತಲೆಬರಹದ ಕೆಳಗೆ ಅದರ ಅರ್ಥವನ್ನ ಪೂರ್ತಿ ವಾಕ್ಯದಲ್ಲಿ ಬಿಡಿಸಿ ಬರೆಯಬೇಕು. ತಲೆಬರಹ ಅನ್ನೋದು ಜಾಗ ಸಾಲದೆ ಕ್ರಿಯಾಪದ ನುಂಗಿರುತ್ತದೆ, ಯಾರು ಹೇಳಿದರು ಅನ್ನೋದನ್ನೂ ನುಂಗಿರುತ್ತದೆ. ನುಂಗಿದ್ದನ್ನ ಕಕ್ಕಿಸಬೇಕು, ಹೊಸದನ್ನ ತುರುಕಬಾರದು. ಅಷ್ಟೇ ವಿದ್ಯೆ, ಆದರೆ ಎಲ್ಲರಿಗೂ ಬರುವುದಿಲ್ಲ.

ಒಮ್ಮೆ ಜೇವರ್ಗಿಯಿಂದ ನಂದಕಿಶೋರ ಎಂಬ ವಕೀಲರ ಗುಮಾಸ್ತ ಬಂದಿದ್ದ. ‘ಟಂಟಂ ಪಲ್ಟಿ: ಇಬ್ಬರ ಸಾವು, ಚಾಲಕ ಪರಾರಿ’ ಅಂತ ಇತ್ತು. ಧಮ್ಮಪಾಲ ಬರೆದ: ಟಂಟಂ ಮಗುಚಿ ಇಬ್ಬರು ಮೃತಪಟ್ಟಿದ್ದಾರೆ, ಚಾಲಕ ಸ್ಥಳದಿಂದ ಓಡಿಹೋಗಿದ್ದಾನೆ.

“ಕುಡಿದಿದ್ದ ಅಂತ ಸೇರಿಸ್ರಿ,” ಅಂದ ಗುಮಾಸ್ತ. “ಓಡಿ ಹೋದಾನ ಅಂದ್ರ ಕುಡದಿದ್ದ ಅಂತನ ಅರ್ಥ.”

“ಪೇಪರ್‌ನಾಗ ಇಲ್ಲ. ನಾ ಬರೆಯಾಂಗಿಲ್ಲ,” ಅಂದ ಧಮ್ಮಪಾಲ. ಗುಮಾಸ್ತ ಸಿಟ್ಟಿನಿಂದ ಹೋದ, ಊರ ತುಂಬ ಬೈದ. ಆ ಬೈಗುಳದಿಂದಲೇ ಧಮ್ಮಪಾಲನ ಹೆಸರು ಅಫಜಲಪುರದವರೆಗೂ ಹೋಯಿತು.

ಅವನಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಕಲಬುರಗಿಯ ಒಂದು ಪುಟ್ಟ ದಿನಪತ್ರಿಕೆಯಲ್ಲಿ ಹದಿನೆಂಟು ವರ್ಷ ಅವನು ಪುಟ ಕಟ್ಟುತ್ತಿದ್ದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಸುದ್ದಿ ಒಂದೇ ಪುಟ, ಆ ಪುಟ ಅವನದು. ತಲೆಬರಹವನ್ನ ಕಾಲಮ್ಮಿಗೆ ಹೊಂದಿಸಿ ಕತ್ತರಿಸುವವನು ಅವನೇ. ಕತ್ತರಿಸಿದವನಿಗೆ ಬಿಡಿಸುವುದು ಸಹಜವಾಗಿ ಬರುತ್ತದೆ, ಇದರಲ್ಲಿ ದೊಡ್ಡಸ್ತಿಕೆ ಏನಿದೆ? ಆದರೆ ಅವನು ಆ ಹದಿನೆಂಟು ವರ್ಷದ ಮಾತನ್ನ ಊರಲ್ಲಿ ಎತ್ತುತ್ತಿರಲಿಲ್ಲ.

ಕಳೆದ ಜುಲೈನಲ್ಲಿ ನಿಂಬರ್ಗಾದ ಚಂದಮ್ಮ ಬಂದಳು, ಜೊತೆಗೆ ಮಗಳು ಮಧುಮತಿ. ಚಂದಮ್ಮ ಅವನದೇ ಸಮಾಜದವಳು, ಬುದ್ಧವಿಹಾರದಲ್ಲಿ ಕಂಡ ಮುಖ. ಒಂಬತ್ತು ವರ್ಷದ ಹಿಂದೆ ಪಕ್ಕದೂರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಅವಳು ಸೌಟು ಹಿಡಿದ ದಿನದಿಂದಲೇ ಕೆಲವು ಮನೆಯವರು ಮಕ್ಕಳನ್ನ ಊಟಕ್ಕೆ ಕೂರಿಸುತ್ತಿರಲಿಲ್ಲ. ಒಂದು ದಿನ ಮಕ್ಕಳಿಗೆ ವಾಂತಿಯಾಯಿತು. ಚಂದಮ್ಮ ಮನೆಯಲ್ಲಿ ಕೂತಳು, ಕೂತವಳನ್ನ ಮತ್ತೆ ಯಾರೂ ಕರೆಯಲಿಲ್ಲ.

“ಈಗ ಅದ ಸಾಲಿಯಾಗ ಜಾಗ ಖಾಲಿ ಐತ್ರಿ ಅಣ್ಣಾ,” ಅಂದಳು. “ನಾ ಅರ್ಜಿ ಹಾಕೇನಿ. ಕೆಲಸದಿಂದ ತೆಗೆದ ಹೆಂಗಸಿಗಿ ಕೊಡಾಕ ಬರಾಂಗಿಲ್ಲ ಅಂತ ಕಮಿಟಿಯವರು ತಕರಾರು ತೆಗೆದಾರ. ನನ್ನ ಯಾರೂ ತೆಗೆದಿಲ್ರಿ. ವರದಿ ಬರೂತನಕ ಮನ್ಯಾಗ ಇರು ಅಂದ್ರು, ಅಷ್ಟ. ಆದ್ರ ಅವರ ಕೈಯಾಗ ಇದೊಂದು ಫೋಟೊ ಐತಿ. ನಾಳಿಗಿ ತಾಲ್ಲೂಕು ಕಚೇರ್ಯಾಗ ಸಾಹೇಬರ ಮುಂದ ವಿಚಾರಣಿ. ಇದನ್ನ ಬಿಡಿಸಿ ಬರೆಸಿಕೊಂಡು ಬಾ ಅಂತ ಸಾಹೇಬರು ನನಗ ಹೇಳ್ಯಾರ.”

ಮಧುಮತಿ ಫೋನು ಮುಂದಿಟ್ಟಳು. ‘ಬಿಸಿಯೂಟದಲ್ಲಿ ಹಲ್ಲಿ: 14 ಮಕ್ಕಳು ಅಸ್ವಸ್ಥ, ಅಡುಗೆಯಾಕೆಗೆ ಕೊಕ್’. ಕೆಳಗೆ ಸುದ್ದಿಯ ಎರಡೇ ಸಾಲು, ಆಮೇಲೆ ಫೋಟೊ ಕತ್ತರಿಸಿ ಹೋಗಿತ್ತು.

ಧಮ್ಮಪಾಲ ಗುರುತು ಹಿಡಿದ. ಆ ‘ಕೊಕ್’ ಅವನದೇ ಕೈಯದು. ‘ತನಿಖೆ ಮುಗಿಯುವವರೆಗೆ ದೂರ’ ಅನ್ನೋದು ಎರಡು ಕಾಲಮ್ಮಿನಲ್ಲಿ ಕೂರಲಿಲ್ಲ, ಕೊಕ್ ಕೂತಿತು. ಆ ದಿನ ಅವನಿಗೆ ಅದು ಭಾಳ ಚಂದ ಕೂತಿದೆ ಅನಿಸಿತ್ತು.

ತಲೆಬರಹವನ್ನ ಸುದ್ದಿ ಪೂರ್ತಿ ನೋಡದೆ ಬಿಡಿಸಬಾರದು ಅನ್ನೋದು ಅವನದೇ ನಿಯಮ. ಕತ್ತರಿಸಿದ ಫೋಟೊ ತಂದವರಿಗೆಲ್ಲ “ಪೂರ್ತಿ ಕಟಿಂಗ್ ತರ್ರಿ, ಆಮೇಲೆ ಬರೀತೇನಿ” ಅಂತ ವಾಪಸು ಕಳಿಸುತ್ತಿದ್ದ. ಅವತ್ತು ಹಾಗೆ ಅನ್ನಲಿಲ್ಲ.

“ಊಟ ಮಾಡಿ ಬರ್ತೇನಿ, ಕುಂತಿರ್ರಿ,” ಅಂದ.

ಮನೆಗೆ ಹೋದವನು ಊಟಕ್ಕೆ ಕೂರಲಿಲ್ಲ. ಅಟ್ಟದ ಮೇಲೆ ಅವನು ಕಟ್ಟಿದ ಪುಟಗಳ ಗಂಟುಗಳಿದ್ದವು, ವರ್ಷದ ಪ್ರಕಾರ. ಹೆಂಡತಿ ರಮಾಬಾಯಿ ಕೆಳಗೆ ನಿಂತು ಏಣಿ ಹಿಡಿದಳು. ಪುಟ ಸಿಕ್ಕಿತು. ಸುದ್ದಿಯ ಕೊನೆಯ ಸಾಲು ಅಲ್ಲೇ ಇತ್ತು: ‘ವರದಿ ಬರುವವರೆಗೆ ಕೆಲಸಕ್ಕೆ ಬಾರದಂತೆ ಅಡುಗೆಯಾಕೆಗೆ ಮೌಖಿಕವಾಗಿ ಸೂಚಿಸಲಾಗಿದೆ.’

“ಏನ್ ಹುಡಕಾಕತ್ತೀರಿ?” ಅಂದಳು ರಮಾಬಾಯಿ.

“ಏನಿಲ್ಲ,” ಅಂದ.

ಆ ಒಂದು ಪುಟ ಮಡಚಿ ಜೇಬಿಗೆ ಹಾಕಿಕೊಂಡಿದ್ದರೆ ಆ ಹೆಂಗಸಿನ ಬದುಕು ನೆಟ್ಟಗಾಗುತ್ತಿತ್ತು. ಆದರೆ ಸಾಹೇಬ ಕೇಳುತ್ತಾನೆ, ಪೇಪರ್ ಎಲ್ಲಿ ಸಿಕ್ಕಿತು? ಸುದ್ದಿಯಲ್ಲಿ ಹಿಂಗಿದ್ದರೆ ಮೇಲೆ ಕೊಕ್ ಅಂತ ಹಾಕಿದವನು ಯಾವನು? ಇದ್ದದ್ದು ಇದ್ದಂಗ ಬರೆಯುವ ಧಮ್ಮಪಾಲ. ನಂದಕಿಶೋರ ಜೇವರ್ಗಿಯಲ್ಲಿ ಹೊಟ್ಟೆ ಹಿಡಿದು ನಗುತ್ತಾನೆ. ಇಷ್ಟನ್ನ ಏಣಿಯ ಮೇಲೆ ನಿಂತೇ ಯೋಚಿಸಿದ, ಪುಟವನ್ನ ಗಂಟಿನೊಳಗೆ ಸೇರಿಸಿ ಇಳಿದ. ಥೂ, ಎಂಥಾ ಮನುಷ್ಯ!

ಅಂಗಡಿಗೆ ಬಂದು ಟೈಪ್ ಮಾಡಿದ. ಎಷ್ಟು ಖಡಕ್ಕಾಗಿ ಮಾಡಿದ ಅಂದರೆ, ಹಲ್ಲಿ ಬಿದ್ದಿತ್ತು ಅಂತ ಬರೆಯಲಿಲ್ಲ. ಫೋಟೊದ ಸಾಲಿನಲ್ಲಿ ‘ಎನ್ನಲಾಗಿದೆ’ ಅಂತ ಇತ್ತು, ಅದನ್ನ ಉಳಿಸಿದ. ಬಿಸಿಯೂಟದಲ್ಲಿ ಹಲ್ಲಿ ಬಿದ್ದಿತ್ತು ಎನ್ನಲಾಗಿದೆ. ಹದಿನಾಲ್ಕು ಮಕ್ಕಳು ಅಸ್ವಸ್ಥರಾಗಿದ್ದಾರೆ. ಅಡುಗೆ ಮಾಡುವಾಕೆಯನ್ನು ಕೆಲಸದಿಂದ ತೆಗೆದುಹಾಕಲಾಗಿದೆ. ಫೋಟೊ ಅರ್ಧಕ್ಕೇ ಮುಗಿದಿದೆ ಅನ್ನೋ ಒಂದು ಸಾಲನ್ನ ಮಾತ್ರ ಬರೆಯಲಿಲ್ಲ.

ಮಧುಮತಿ ಓದಿದಳು. “ಮಾಮಾ, ಕೆಳಗಿನ ಸುದ್ದಿ ಇಲ್ಲಲ್ರಿ. ಅದನ್ನ ನೋಡಲಾರದೆ, ಕೊಕ್ ಅಂದ್ರ ಪೂರ್ತಿ ತೆಗೆದಾರ ಅಂತ ಹೆಂಗ ಹೇಳಾಕ ಬರ್ತೈತಿ?”

ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಧಮ್ಮಪಾಲ ಅವಳ ಮುಖ ನೋಡಲಿಲ್ಲ.

“ಪೇಪರ್‌ನಾಗ ಕೊಕ್ ಅಂದ್ರ ತೆಗೆಯೋದು ಅಂತನ ಅರ್ಥವ್ವಾ. ಇಲ್ಲದ್ದು ನಾ ಬರೆಯಾಂಗಿಲ್ಲ.”

“ಸುಮ್ನಿರ ಬೇ,” ಅಂತ ಚಂದಮ್ಮ ಮಗಳನ್ನೇ ಗದರಿದಳು. “ಅಣ್ಣಾರಿಗಿ ಕಲಸಾಕ ಬಂದೀಯೇನು?”

ನಾಲ್ಕು ದಿನ ಬಿಟ್ಟು ಚಂದಮ್ಮ ಒಬ್ಬಳೇ ಬಂದಳು. ಕೈಯಲ್ಲಿ ಬುತ್ತಿ, ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬೆಂಚಿನ ಮೇಲೆ ಇಟ್ಟು ಕೂತಳು.

“ಆಗಲಿಲ್ರಿ ಅಣ್ಣಾ. ಬ್ಯಾರೇದಾಕಿಗಿ ಕೊಟ್ರು. ಸಾಹೇಬರು ನೀವು ಬರೆದದ್ದು ಜೋರಾಗಿ ಓದಿದ್ರು. ನನಗ ಬಾಯಿ ಮಾತಿಲೆ ಹೇಳಿದ್ರು ಅಂತ ನಾ ಎಷ್ಟು ಬಡಕೊಂಡೆ. ನೀನ ತಂದ ಕಾಗದದಾಗ ತೆಗೆದುಹಾಕಲಾಗಿದೆ ಅಂತ ಐತಲ್ಲ ಅಂದ್ರು. ಎಲ್ಲಾರೂ ನಕ್ಕರು. ನನ್ನ ಕೈಲೆ ಸಹಿ ಹಾಕಿಸಿಕೊಂಡ್ರು, ಇನ್ನ ಮ್ಯಾಲೆ ಯಾವ ಸಾಲಿಯಾಗೂ ಅರ್ಜಿ ಹಾಕಾಂಗಿಲ್ಲ ಅಂತ.”

ಧಮ್ಮಪಾಲ ಕೀಬೋರ್ಡ್ ಒರೆಸುತ್ತಿದ್ದ.

“ನಿಮ್ಮ ತಪ್ಪೇನೈತಿ. ಇದ್ದದ್ದು ಬರದ್ರಿ,” ಅಂದಳು ಚಂದಮ್ಮ, ರೊಟ್ಟಿಯ ಬುತ್ತಿಯನ್ನ ಅವನ ಕಡೆ ಸರಿಸುತ್ತ. “ಮಗಳು ಇನ್ನೂ ಹಟಾ ಹಿಡಿದಾಳ್ರಿ, ಕಲಬುರಗಿಗಿ ಹೋಗಿ ಪೂರ್ತಿ ಪೇಪರ್ ಹುಡುಕತೇನಿ ಅಂತಾಳ. ನಾನ ಬ್ಯಾಡ ಅಂದೆ. ಅಂಥಾದ್ದೊಂದು ಇದ್ದಿದ್ರ ಧಮ್ಮಪಾಲಣ್ಣ ಹೇಳತಿದ್ದಿಲ್ಲೇನು ಅಂದೆ. ಹೌದಿಲ್ರಿ?”

“ಹೌದು ತಂಗಿ,” ಅಂದ ಧಮ್ಮಪಾಲ. “ಹೇಳತಿದ್ದೆ.”